ಆ ಒಂದು ಪೌಂಡ್ ರಾಗಿಯನ್ನು ಯಾಕೆ ಕತ್ತರಿಸಿದಿರಿ?

ಬರಗಾಲದ ರೂಪಕ ಪ್ರಸಾರ ಮಾಡಿದ ರೇಡಿಯೊ ಕೇಂದ್ರದ ಕಾರ್ಯಕ್ರಮ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಿಮ್ಮ ಕೇಂದ್ರದ ಹೆಸರನ್ನಾಗಲಿ ನಿಮ್ಮ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮೇಲೆ ವೈಯಕ್ತಿಕ ಸಿಟ್ಟೇನೂ ಇಲ್ಲ. ಆದರೆ ನಿಮಗೆ ಎರಡು ಸಲ ಕಾಗದ ಬರೆದೆ, ಒಂದು ಸಲ ಖುದ್ದು ಬಂದು ಕಾದು ಕೂತೆ, ಉತ್ತರ ಸಿಗಲಿಲ್ಲ. ಕಾರ್ಯಕ್ರಮವನ್ನು ಎಲ್ಲರೂ ಕೇಳಿದ್ದಾರೆ, ಹಾಗಾಗಿ ಈ ಮಾತೂ ಎಲ್ಲರೆದುರೇ ಆಗಲಿ ಅಂತ ಬರೆಯುತ್ತಿದ್ದೇನೆ.

ಆಗಿದ್ದಿಷ್ಟು. 1876ರಿಂದ 1878ರವರೆಗೆ ನಮ್ಮ ನಾಡನ್ನು ಹಿಂಡಿದ ದೊಡ್ಡ ಬರದ ಬಗ್ಗೆ ಅರ್ಧ ಗಂಟೆಯ ರೂಪಕ ಬರೆದುಕೊಡಿ ಅಂತ ನೀವೇ ಕೇಳಿದಿರಿ. ಧಾತು ಸಂವತ್ಸರ, ಈಶ್ವರ ಸಂವತ್ಸರ, ಈ ಎರಡು ವರ್ಷಗಳ ಬರ ಅದು. ಬರ ಯಾಕೆ ಬಂತು, ಸರ್ಕಾರ ಏನು ಮಾಡಿತು, ಜನ ಏನಾದರು, ಈ ಮೂರೂ ಇರಲಿ ಅಂದಿರಿ. ಮೂರು ತಿಂಗಳು ಓದಿ, ಟಿಪ್ಪಣಿ ಮಾಡಿ, ಇಪ್ಪತ್ತೆಂಟು ನಿಮಿಷಕ್ಕೆ ಸರಿಯಾಗಿ ಬರೆದುಕೊಟ್ಟೆ. ನಮ್ಮೂರ ಇಬ್ಬರು ಕಾಲೇಜು ಹುಡುಗಿಯರು ದನಿ ಕೊಟ್ಟರು. ಧ್ವನಿಮುದ್ರಣದ ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು, ನೀವೂ ಅಲ್ಲೇ ಇದ್ದಿರಿ.

ಪ್ರಸಾರದ ದಿನ ಸಂಜೆ ಕಣದಲ್ಲಿ ಹರಡಿದ್ದ ಕಾಫಿ ಬಾಚಿ, ಟಾರ್ಪಾಲ್ ಮುಚ್ಚಿ, ಅಕ್ಕಪಕ್ಕದ ಏಳೆಂಟು ಜನ ನಮ್ಮ ಜಗುಲಿಯಲ್ಲಿ ಕೂತು ಕೇಳಿದೆವು. ನಡುವೆ ಸುಮಾರು ಆರು ನಿಮಿಷದ ಭಾಗವೇ ಇರಲಿಲ್ಲ. ಆ ಜಾಗದಲ್ಲಿ ಪಿಟೀಲು ಬಂತು, ಯಾರೋ ಅಳುವ ಸದ್ದು ಬಂತು. ನಂತರ ನಾನು ಬರೆಯದೇ ಇದ್ದ ನಾಲ್ಕು ವಾಕ್ಯಗಳನ್ನು ನಿರೂಪಕರು ಓದಿದರು. ಮಳೆ ಕೈಕೊಟ್ಟಿತು. ಬೆಳೆ ಒಣಗಿತು. ಸರ್ಕಾರ ಗಂಜಿ ಕೇಂದ್ರ ತೆರೆಯಿತು. ಆದರೂ ಲಕ್ಷಾಂತರ ಜನ ಪ್ರಾಣ ಬಿಟ್ಟರು.

ಒಂದೊಂದಾಗಿ ನೋಡಿದರೆ ಇದರಲ್ಲಿ ಸುಳ್ಳು ಯಾವುದೂ ಇಲ್ಲ. ನನ್ನ ತಕರಾರು ಇರುವುದು ಆ "ಆದರೂ" ಅನ್ನುವ ಒಂದು ಪದದ ಮೇಲೆ. ಸರ್ಕಾರ ತನ್ನ ಕೈಲಾದದ್ದನ್ನೆಲ್ಲ ಮಾಡಿತು, ದೇವರು ಕಣ್ಣು ಬಿಡಲಿಲ್ಲ ಅನ್ನುವ ಅರ್ಥ ಅದರಿಂದ ಹುಟ್ಟುತ್ತದೆ. ನೀವು ತೆಗೆದ ಆರು ನಿಮಿಷದಲ್ಲಿ ಇದ್ದದ್ದು ಅದಕ್ಕೆ ಉತ್ತರ. ಆ ಭಾಗ ಇದ್ದಿದ್ದರೆ "ಆದರೂ" ಅಂತ ಹೇಳಲು ಬಾಯಿ ಬರುತ್ತಿರಲಿಲ್ಲ.

ಏನು ತೆಗೆದಿರಿ ಅಂತ ಓದುಗರಿಗೂ ಗೊತ್ತಾಗಬೇಕು, ಅದಕ್ಕೆ ವಿವರವಾಗಿಯೇ ಹೇಳುತ್ತೇನೆ.

ಮೊದಲು ಕಾರಣದ ಮಾತು. ಮಳೆ ಕೈಕೊಟ್ಟಿದ್ದು ನಿಜ. ಆದರೆ ಒಂದೇ ವರ್ಷ ಅಲ್ಲ. 1875ರಲ್ಲೇ ಮೈಸೂರು ಸೀಮೆಯಲ್ಲಿ ಮಳೆ ಕಡಿಮೆಯಾಗಿತ್ತು. ಆಗ ಜನರನ್ನು ಕಾಪಾಡಿದ್ದು ಹಗೇವು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹಾಳಾಗದೆ ಇರುತ್ತದೆ, ಇದು ಪಿರಿಯಾಪಟ್ಟಣ, ಹುಣಸೂರು ಕಡೆಯ ಹಿರಿಯರಿಗೆ ಇವತ್ತಿಗೂ ಗೊತ್ತು. ಒಂದು ಕೆಟ್ಟ ವರ್ಷವನ್ನು ಹಗೇವು ತಡೆದುಕೊಂಡಿತು. 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಅಷ್ಟು ಹೊತ್ತಿಗೆ ಬಡವರ ಹಗೇವಿನಲ್ಲಿ ಉಳಿದಿದ್ದು ಕಡಿಮೆ. ಕಾಳು ಉಳಿದಿದ್ದವರು ಬೆಲೆ ಇನ್ನೂ ಏರಲಿ ಅಂತ ಬಾಯಿ ತೆರೆಯಲಿಲ್ಲ.

ಇಲ್ಲಿ ನಾನು ಎತ್ತಿನ ಗಾಡಿಯ ಮಾತು ಬರೆದಿದ್ದೆ, ಅದನ್ನೂ ತೆಗೆದಿದ್ದೀರಿ. ಆಗ ಮದ್ರಾಸಿನಿಂದ ಬೆಂಗಳೂರಿನವರೆಗೆ ರೈಲಿತ್ತು. ಬಂಗಾಳ, ಬರ್ಮಾ ಕಡೆಯಿಂದ ಹಡಗಿನಲ್ಲಿ ಅಕ್ಕಿ ಮದ್ರಾಸಿಗೆ ಬಂದು ಕಡಲ ದಂಡೆಯಲ್ಲಿ ರಾಶಿ ಬಿದ್ದಿತ್ತು. ಬೆಂಗಳೂರಿನಿಂದ ಪಡುವಣಕ್ಕೆ ರೈಲಿರಲಿಲ್ಲ. ಕಾಳು ಗಾಡಿಯಲ್ಲೇ ಬರಬೇಕು. ಗಾಡಿ ಎಳೆಯುವ ಎತ್ತಿಗೆ ದಾರಿಯುದ್ದಕ್ಕೂ ಹುಲ್ಲು ಬೇಕು, ನೀರು ಬೇಕು. ಬರದಲ್ಲಿ ಮನುಷ್ಯರಿಗಿಂತ ಮೊದಲು ಸತ್ತಿದ್ದು ಎತ್ತು. ಹಾಗಾಗಿ ಒಂದು ಊರಲ್ಲಿ ಮೂಟೆ ಇದ್ದರೂ ಮುಂದಿನ ಊರಿಗೆ ತಲುಪುತ್ತಿರಲಿಲ್ಲ. ತಲುಪಿದರೂ ಬೆಲೆ ಕೈಗೆಟುಕುತ್ತಿರಲಿಲ್ಲ. ಒಂದು ಲೆಕ್ಕ ಮಾಡಿ ನೋಡಿ. ರೂಪಾಯಿಗೆ ಮೂವತ್ತು ಸೇರು ರಾಗಿ ಸಿಗುವ ಕಾಲದಲ್ಲಿ ಎರಡಾಣೆ ಕೂಲಿಗೆ ಹತ್ತಿರ ಹತ್ತಿರ ನಾಲ್ಕು ಸೇರು ಬರುತ್ತದೆ. ಅದೇ ರೂಪಾಯಿಗೆ ಎಂಟು ಸೇರಾದರೆ ಎರಡಾಣೆಗೆ ಒಂದೇ ಸೇರು. ಕೂಲಿ ಅಷ್ಟೇ ಇದೆ, ಹೊಟ್ಟೆಯೂ ಅಷ್ಟೇ ಇದೆ, ಕಾಳು ಮಾತ್ರ ಕಾಲು ಭಾಗ. ಹೊಲದಲ್ಲಿ ಕೆಲಸವೇ ಇಲ್ಲದ ವರ್ಷದಲ್ಲಿ ಆ ಎರಡಾಣೆಯೂ ಹುಟ್ಟುವುದಿಲ್ಲ. ಮೊದಲು ಸತ್ತವರು ಕೂಲಿಯವರು, ಮಗ್ಗದವರು, ಒಣ ಹೊಲದ ಸಣ್ಣ ಒಕ್ಕಲಿನವರು. ಅವರಿಗೆ ಇಲ್ಲದೆ ಹೋದದ್ದು ಕಾಳನ್ನು ಕೊಳ್ಳುವ ಶಕ್ತಿ.

ಬೆಲೆಯ ವಿಷಯಕ್ಕೆ, ವ್ಯಾಪಾರದ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು ಅನ್ನುವುದು ಆಗ ಕಲ್ಕತ್ತಾದಿಂದ ಇಡೀ ದೇಶ ಆಳುತ್ತಿದ್ದ ಬ್ರಿಟಿಷ್ ಸರ್ಕಾರದ ನಂಬಿಕೆಯಾಗಿತ್ತು. ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಸರ್ಕಾರದ ಕಡೆಯಿಂದಲೇ ಒಂದಿಷ್ಟು ಧಾನ್ಯ ಕೊಂಡಿದ್ದಕ್ಕೆ ಮೇಲಿನವರು ಅಸಮಾಧಾನಪಟ್ಟರು. ಆ ಬರದ ನಡುವೆಯೂ ಹಿಂದೂಸ್ತಾನದಿಂದ ಇಂಗ್ಲೆಂಡಿಗೆ ಗೋಧಿ ಹಡಗು ಹೋಗುತ್ತಲೇ ಇತ್ತು. ನಾನು ಇದನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದೆ. ಯಾಕೆಂದರೆ ನನ್ನ ರೂಪಕದ ನಿಜವಾದ ವಿಷಯ ಇದರ ಮುಂದಿನದು.

1877ರ ಜನವರಿ 1ರಂದು ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಯಿತು. ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ತಾನದ ಚಕ್ರವರ್ತಿನಿ ಅಂತ ಸಾರಿದರು. ಅದೇ ತಿಂಗಳು ವೈಸ್‌ರಾಯ್ ಲಿಟ್ಟನ್, ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿಯನ್ನು ಮದ್ರಾಸಿನ ಬರ ಪರಿಹಾರ ನೋಡಿ ಬರಲು ಕಳಿಸಿದ. ಖರ್ಚು ಕಡಿಮೆ ಮಾಡಿಸುವುದು ಅವನಿಗೆ ಕೊಟ್ಟ ಕೆಲಸ.

ಈ ಟೆಂಪಲ್ ಕಥೆಯನ್ನು ನೀವು ಪೂರ್ತಿ ತೆಗೆದುಹಾಕಿದಿರಿ. ನನಗೆ ಜಾಸ್ತಿ ನೋವಾಗಿದ್ದು ಇಲ್ಲೇ. ಯಾಕೆಂದರೆ ಅವನು ಕಲ್ಲು ಮನಸ್ಸಿನವನು ಅಂತ ಹೇಳಿ ಮುಗಿಸಿಬಿಡುವಷ್ಟು ಸುಲಭವಾದ ಕಥೆ ಇದಲ್ಲ. ಮೂರೇ ವರ್ಷದ ಹಿಂದೆ, 1873-74ರಲ್ಲಿ, ಬಿಹಾರದಲ್ಲಿ ಮಳೆ ಹೋದಾಗ ಇದೇ ಟೆಂಪಲ್ ಅಲ್ಲಿ ಉಸ್ತುವಾರಿ ನೋಡಿಕೊಂಡಿದ್ದ. ಬರ್ಮಾದಿಂದ ಲಕ್ಷಾಂತರ ಟನ್ ಅಕ್ಕಿ ತರಿಸಿದ. ಕೂಲಿಯನ್ನೂ ಕೈ ಬಿಚ್ಚಿ ಕೊಟ್ಟ. ಹಸಿವಿನಿಂದ ಸತ್ತವರು ಬೆರಳೆಣಿಕೆಯಷ್ಟು. ಅದಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ. ಇಷ್ಟೊಂದು ಖರ್ಚು ಮಾಡಿದ್ದೇಕೆ, ಯಾರೂ ಸಾಯಲಿಲ್ಲ ಅಂದಮೇಲೆ ಅದು ಬರವೇ ಆಗಿರಲಿಲ್ಲ ಅಲ್ವಾ ಅಂದರು. ಜನ ಉಳಿದದ್ದನ್ನೇ ಅವನ ತಪ್ಪಿಗೆ ಸಾಕ್ಷಿ ಮಾಡಿದರು. ಮದ್ರಾಸಿಗೆ ಬಂದಾಗ ಅವನು ಆ ಬೈಗುಳದ ನೆನಪು ಹೊತ್ತುಕೊಂಡೇ ಬಂದ. ಹಾಗೆ ಬಂದವನು ಕೂಲಿಯ ಮೇಲೆ ಕೈ ಇಟ್ಟ.

ಹಸಿದವರಿಗೆ ಕೆಲಸ ಕೊಟ್ಟು ಕೂಲಿ ಕೊಡಲು ಸರ್ಕಾರ ನಡೆಸುತ್ತಿದ್ದ ಬರ ಕಾಮಗಾರಿಯಲ್ಲಿ ಮಣ್ಣು ಅಗೆಯುವ, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳಿನ ಬೆಲೆ, ಜತೆಗೆ ಅರ್ಧ ಆಣೆ. ಅಷ್ಟೇ. ಅದಕ್ಕೆ ಮೊದಲು ಲೆಕ್ಕ ಹಿಡಿಯುತ್ತಿದ್ದದ್ದು ಒಂದೂವರೆ ಪೌಂಡಿನ ಹತ್ತಿರ. ಇದಕ್ಕೆ ಟೆಂಪಲ್ ಕೂಲಿ ಅಂತಲೇ ಹೆಸರು ಬಿತ್ತು.

ರೇಡಿಯೊದಲ್ಲಿ ಅಂಕಿ ಅಂಶ ಕಿವಿಗೆ ಹತ್ತುವುದಿಲ್ಲ, ಜನ ಸ್ಟೇಷನ್ ಬದಲಾಯಿಸುತ್ತಾರೆ ಅಂತ ನಿಮ್ಮ ಸಹಾಯಕರು ಆಮೇಲೆ ಫೋನಿನಲ್ಲಿ ಹೇಳಿದರು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬರೆಯುವಾಗ ನನಗೂ ಅದೇ ಭಯ ಇತ್ತು. ಅದಕ್ಕೇ ಈ ಭಾಗವನ್ನು ಹೀಗೆ ಬರೆದಿದ್ದೆ, ಹಸ್ತಪ್ರತಿಯಲ್ಲಿ ಇದ್ದಂತೆಯೇ ಕೊಡುತ್ತೇನೆ:

ನಿರೂಪಕಿ: ಇದು ಒಂದೂವರೆ ಪೌಂಡ್ ರಾಗಿ.
(ತಗಡಿನ ಡಬ್ಬಿಗೆ ರಾಗಿ ಸುರಿಯುವ ಸದ್ದು. ಆರು ಸೆಕೆಂಡ್.)
ನಿರೂಪಕಿ: ಇದು ಒಂದು ಪೌಂಡ್.
(ಅದೇ ಸದ್ದು. ನಾಲ್ಕು ಸೆಕೆಂಡ್. ನಿಲ್ಲುತ್ತದೆ.)
ನಿರೂಪಕಿ: ಎರಡು ಸೆಕೆಂಡ್ ಮುಂಚೆ ನಿಂತಿತು. ಸರ್ಕಾರ ಉಳಿಸಿದ್ದು ಆ ಎರಡು ಸೆಕೆಂಡಿನ ರಾಗಿಯನ್ನು.

ಅಂಕಿಯನ್ನು ಕಿವಿಗೆ ಕೇಳಿಸುವ ದಾರಿ ಇದು. ಹುಡುಗಿಯರು ಸ್ಟುಡಿಯೊದಲ್ಲಿ ಹನ್ನೊಂದು ಸಲ ರಾಗಿ ಸುರಿದು ಸಮಯ ಸರಿ ಮಾಡಿಕೊಂಡರು. ನೆಲಕ್ಕೆ ಬಿದ್ದ ಕಾಳನ್ನು ಒಂದೂ ಬಿಡದೆ ಆರಿಸಿದರು. ಅವರಿಗೆ ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಆ ಸದ್ದು ತೆಗೆದು ಪಿಟೀಲು ಹಾಕಿದಿರಲ್ಲ, ಯಾಕೆ?

ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ. ನಾನು ಮನೆಯಲ್ಲಿ ಅಷ್ಟು ರಾಗಿ ತೂಗಿ, ಜರಡಿ ಹಿಡಿದು, ಬೀಸಿಸಿ ತಂದು ಮುದ್ದೆ ಮಾಡಿದೆ. ಒಳ್ಳೆಯ ಗಾತ್ರದ ನಾಲ್ಕು ಮುದ್ದೆ ಆಯಿತು. ತಟ್ಟೆಯಲ್ಲಿ ನೋಡಿದ ನಮ್ಮ ಪಕ್ಕದ ಮನೆಯಾಕೆ, "ಅಕ್ಕಾ, ಇಷ್ಟು ಸಾಕಲ್ವಾ ಒಬ್ಬರಿಗೆ?" ಅಂದಳು. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಟೆಂಪಲ್‌ಗೂ ಹೀಗೇ ಅನಿಸಿರಬೇಕು. ಇಲ್ಲೇ ನಾವೆಲ್ಲ ತಪ್ಪುವುದು.

ನಾವು ಮುದ್ದೆ ಉಣ್ಣುವಾಗ ಜತೆಗೆ ಸಾರು ಇರುತ್ತದೆ, ಕಾಳು ಸೊಪ್ಪು ಇರುತ್ತದೆ, ಬೆಳಿಗ್ಗೆ ತಿಂಡಿ ಆಗಿರುತ್ತದೆ, ಕಾಫಿಗೆ ಹಾಲು ಸಕ್ಕರೆ ಬಿದ್ದಿರುತ್ತದೆ. ಅವರಿಗೆ ಆ ನಾಲ್ಕು ಮುದ್ದೆಯೇ ಎಲ್ಲವೂ. ಉಪ್ಪು, ಮೆಣಸಿನಕಾಯಿ, ಸೌದೆ ಎಲ್ಲಕ್ಕೂ ಆ ಅರ್ಧ ಆಣೆ. ಆ ಮುದ್ದೆಯಿಂದ ಸಿಗುವ ಶಕ್ತಿ ಸುಮಾರು 1,500 ಕ್ಯಾಲೊರಿ. ಸುಮ್ನೆ ಮಲಗಿದ್ದರೂ ದೊಡ್ಡವರ ದೇಹ ಅದರ ಬಹುಪಾಲನ್ನು ಉಸಿರಾಡಲು, ಮೈ ಬೆಚ್ಚಗಿಡಲು ಬಳಸಿಬಿಡುತ್ತದೆ. ಬೆಳಗಿನಿಂದ ಸಂಜೆವರೆಗೆ ಗುದ್ದಲಿ ಹಿಡಿದು ಮಣ್ಣು ಅಗೆದು ಹೊರುವವರಿಗೆ ಅದರ ಎರಡರಷ್ಟು ಬೇಕಾಗುತ್ತದೆ. ತೋಟದಲ್ಲಿ ಗುಂಡಿ ತೋಡುವ ಆಳುಗಳು ಮಧ್ಯಾಹ್ನ ಎಷ್ಟು ಉಣ್ಣುತ್ತಾರೆ ಅಂತ ಕೊಡಗಿನ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಉಳಿದ ಶಕ್ತಿ ಎಲ್ಲಿಂದ ಬರಬೇಕು? ಸ್ವಂತ ಮೈಯಿಂದಲೇ. ಮೊದಲು ಕೊಬ್ಬು, ಆಮೇಲೆ ಮಾಂಸಖಂಡ. ಪರಿಹಾರದ ಕೆಲಸಕ್ಕೆ ಬಂದವನು ಕೆಲಸ ಮಾಡಿದಷ್ಟೂ ಬೇಗ ಸವೆಯುತ್ತಿದ್ದ. ಕಾಮಗಾರಿಗೆ ಬರುವ ಹೊತ್ತಿಗೇ ಅವನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದವನು ಅನ್ನುವುದನ್ನೂ ಮರೆಯಬಾರದು.

ಇದನ್ನು ಆಗಲೇ ಕಂಡು ಹೇಳಿದ ಮನುಷ್ಯ ಒಬ್ಬನಿದ್ದ. ಡಾಕ್ಟರ್ ಕಾರ್ನಿಶ್. ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್, ಅಂದರೆ ಜನರ ಆರೋಗ್ಯ ನೋಡಿಕೊಳ್ಳುವ ಅಧಿಕಾರಿ. ಅವನೂ ಅದೇ ಸರ್ಕಾರದ ನೌಕರ. ಒಂದು ಪೌಂಡಿನಲ್ಲಿ ದುಡಿಯುವ ಮನುಷ್ಯ ಬದುಕಲಾರ, ಜೈಲಿನಲ್ಲಿ ಕೆಲಸ ಮಾಡುವ ಕೈದಿಗೂ ಇದಕ್ಕಿಂತ ಹೆಚ್ಚು ಕೊಡುತ್ತೇವೆ ಅಂತ ಬರವಣಿಗೆಯಲ್ಲೇ ವಾದ ಮಾಡಿದ. ಟೆಂಪಲ್ ಉತ್ತರ ಕೊಟ್ಟ, ಇವನು ಮತ್ತೆ ಬರೆದ. ಕಾರ್ನಿಶ್ ಬಾಯಿಮಾತಿಗೆ ನಿಲ್ಲಲಿಲ್ಲ. ಕ್ಯಾಂಪುಗಳಿಗೆ ಹೋಗಿ ಕೆಲಸಗಾರರ ಮೈ ನೋಡಿದ, ಸಾವಿನ ಲೆಕ್ಕ ನೋಡಿದ. ಕಾಲು ಬಾವು, ಬಿಳಿಚಿದ ಕಣ್ಣು, ಒಣಗಿದ ಚರ್ಮ, ನಿಲ್ಲದ ಭೇದಿ. ಹಸಿವು ಒಂದು ಹಂತ ದಾಟಿದ ಮೇಲೆ ಕರುಳು ತೆಳ್ಳಗಾಗಿ ಉಂಡದ್ದೂ ದಕ್ಕುವುದಿಲ್ಲ. ಅಂಥವರಿಗೆ ಆಮೇಲೆ ಎಷ್ಟು ಗಂಜಿ ಕೊಟ್ಟರೂ ಹಲವರು ಉಳಿಯುವುದಿಲ್ಲ. ಗಂಜಿ ಕೇಂದ್ರ ತೆರೆದ ಮೇಲೂ ಜನ ಸತ್ತದ್ದು ಯಾಕೆ ಅನ್ನುವುದಕ್ಕೆ ಇದೊಂದು ದೊಡ್ಡ ಕಾರಣ. ನಿಮ್ಮ "ಆದರೂ" ಇದನ್ನೆಲ್ಲ ನುಂಗಿ ಹಾಕಿತು.

ಕೆಲವು ತಿಂಗಳ ಮೇಲೆ ಮದ್ರಾಸ್ ಸರ್ಕಾರ ಕೂಲಿಯನ್ನು ಮತ್ತೆ ಏರಿಸಿತು. 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗವೂ ದುಡಿಯುವ ಗಂಡಾಳಿಗೆ ಒಂದೂವರೆ ಪೌಂಡ್ ಬೇಕು ಅಂತಲೇ ಹೇಳಿತು. ಅಂದರೆ ಕಾರ್ನಿಶ್ ಹೇಳಿದ್ದೇ ಸರಿ ಅಂತಾಯಿತು. ಆ ನಡುವಿನ ತಿಂಗಳುಗಳಲ್ಲಿ ಹೋದವರು ಹೋದರು. ಸರ್ಕಾರ ಅಂದರೆ ಒಂದೇ ಮನುಷ್ಯ ಅಲ್ಲ, ಅದರೊಳಗೇ ಕತ್ತರಿಸಿದವನೂ ಇದ್ದ, ಬೇಡ ಅಂದವನೂ ಇದ್ದ. ಕೇಳುವವರಿಗೆ ಇಬ್ಬರೂ ಗೊತ್ತಾಗಬೇಕು ಅಂತ ನಾನು ಇಬ್ಬರಿಗೂ ಜಾಗ ಕೊಟ್ಟಿದ್ದೆ. ಎರಡೂ ಹೋಯಿತು.

ಇನ್ನೊಂದು ನಿಯಮ ದೂರದ್ದು. ನಿಜವಾಗಿ ಕಷ್ಟದಲ್ಲಿ ಇದ್ದವರು ಮಾತ್ರ ಬರಲಿ ಅಂತ, ಮನೆಯಿಂದ ಹತ್ತು ಮೈಲಿಗಿಂತ ದೂರದ ಕಾಮಗಾರಿಗೇ ಹೋಗಬೇಕು, ಅಲ್ಲೇ ಕ್ಯಾಂಪಿನಲ್ಲಿ ಮಲಗಬೇಕು ಅನ್ನುವ ಪರೀಕ್ಷೆ ಇಟ್ಟರು. ಹತ್ತು ಮೈಲಿ ಅಂದರೆ ಹದಿನಾರು ಕಿಲೋಮೀಟರ್. ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ನಡೆದು ಹೋಗುವಷ್ಟು ದೂರ. ಉಂಡವರಿಗೆ ಅದು ಅರ್ಧ ದಿನದ ದಾರಿ. ಮೊಲೆಗೂಸು ಕಂಕುಳಲ್ಲಿ, ಮುದುಕಿ ಅತ್ತೆ ಮನೆಯಲ್ಲಿ, ಹೊಟ್ಟೆಗಿಲ್ಲದೆ ಹತ್ತು ದಿನ, ಅಂಥ ಹೆಂಗಸಿಗೆ? ಗಟ್ಟಿ ಇದ್ದವರು ಪರೀಕ್ಷೆ ಪಾಸಾದರು, ಸೋತವರು ಊರಲ್ಲೇ ಉಳಿದರು ಇಲ್ಲವೇ ದಾರಿಯಲ್ಲೇ ಕುಸಿದರು. ಯಾರನ್ನು ಉಳಿಸಬೇಕಿತ್ತೋ ಅವರನ್ನೇ ಹೊರಗಿಟ್ಟ ಪರೀಕ್ಷೆ ಅದು. ಮುಂಬೈ ಪ್ರಾಂತ್ಯದಲ್ಲಿ, ಆಗ ನಮ್ಮ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳೂ ಅದರೊಳಗೇ ಇದ್ದವು, 1877ರ ಆರಂಭದಲ್ಲಿ ಸಾವಿರಾರು ಕೂಲಿಗಳು ಇದನ್ನು ಒಪ್ಪದೆ ಕಾಮಗಾರಿ ಬಿಟ್ಟು ಎದ್ದು ಹೋದರು. ಪುಣೆಯ ಸಾರ್ವಜನಿಕ ಸಭೆ ಅನ್ನುವ ಸಂಘಟನೆ ಅವರ ಪರ ನಿಂತಿತು. ಹಸಿದವರು ಸುಮ್ಮನೆ ಕೂತು ಸತ್ತರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ ಅಂತ ತೋರಿಸಲು ಇದನ್ನು ಸೇರಿಸಿದ್ದೆ.

ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಚಾಮರಾಜೇಂದ್ರ ಒಡೆಯರ್ ಇನ್ನೂ ಹುಡುಗ. ಇಲ್ಲಿ 1877ರ ಸೆಪ್ಟೆಂಬರ್ ಹೊತ್ತಿಗೆ ಚಾರ್ಲ್ಸ್ ಎಲಿಯಟ್ ಅನ್ನುವವನು ಕ್ಷಾಮ ಕಮಿಷನರ್ ಆಗಿ ಬಂದ. ಅಷ್ಟರಲ್ಲಿ ಬರ ಶುರುವಾಗಿ ವರ್ಷ ಕಳೆದಿತ್ತು. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಬರದ ಕಾಮಗಾರಿಯಾಗಿ ನಡೆಯಿತು. 1882ರಲ್ಲಿ ಆ ದಾರಿಯಲ್ಲಿ ರೈಲು ಮೈಸೂರಿಗೆ ಬಂತು. ಇವತ್ತು ನಾವು ಮೈಸೂರಿನಲ್ಲಿ ರೈಲು ಹತ್ತಿ ಕೂರುವಾಗ ಕೆಳಗಿರುವ ಆ ಏರಿಯ ಮಣ್ಣನ್ನು ಹೊತ್ತವರು ಯಾರು ಅಂತ ಒಂದು ಮಾತು ಬರೆದಿದ್ದೆ, ಅದು ಪ್ರಸಾರದಲ್ಲಿ ಉಳಿದಿದೆ. ಅದಕ್ಕೆ ಋಣಿ. ಬರ ಮುಗಿದ ಮೇಲೆ ಮೈಸೂರಿನ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಉಳಿಯಿತು, 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಸಾಲವನ್ನೂ ಸೇರಿಸಿಯೇ ಕೊಟ್ಟರು. ಇದನ್ನು ಬಿಟ್ಟಿದ್ದೀರಿ.

ಈಗ ಸತ್ತವರ ಲೆಕ್ಕ. ನೀವು "ಲಕ್ಷಾಂತರ" ಅಂದಿರಿ. ನಾನು ಬರೆದಿದ್ದು ಹೀಗೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಜನ ಹೆಚ್ಚಬೇಕಾದ ಹತ್ತು ವರ್ಷದಲ್ಲಿ 8,69,224 ಕಡಿಮೆ. ಆರು ಜನರಲ್ಲಿ ಒಬ್ಬರಿಗಿಂತ ಜಾಸ್ತಿ. ಆದರೆ ಇಷ್ಟೂ ಜನ ಸತ್ತರು ಅಂತ ಹೇಳಿದರೆ ಅದೂ ತಪ್ಪು. ಇದರಲ್ಲಿ ಊರು ಬಿಟ್ಟು ಹೋದವರು ಇದ್ದಾರೆ. ಹುಟ್ಟದೇ ಹೋದ ಮಕ್ಕಳೂ ಇದರ ಹಿಂದೆ ಇದ್ದಾರೆ, ಯಾಕೆಂದರೆ ಹೊಟ್ಟೆಗಿಲ್ಲದ ಹೆಂಗಸಿಗೆ ಮುಟ್ಟು ನಿಲ್ಲುತ್ತದೆ, ಬಸಿರು ನಿಲ್ಲುವುದಿಲ್ಲ. ಇನ್ನೊಂದು ಕಡೆ, ಬರ ಬರುವ ಮೊದಲಿನ ಐದು ವರ್ಷ ಜನ ಹೆಚ್ಚಿರುತ್ತಾರೆ, ಹಾಗಾಗಿ ಕಳೆದುಕೊಂಡದ್ದು ಈ ಸಂಖ್ಯೆಗಿಂತ ಹೆಚ್ಚೇ ಇರಬೇಕು. ಸುಮಾರು ಹತ್ತು ಲಕ್ಷ ಅಂತ ಹೇಳುವುದು ಈ ಲೆಕ್ಕದಿಂದಲೇ. ಇಡೀ ಹಿಂದೂಸ್ತಾನದಲ್ಲಿ 50 ಲಕ್ಷಕ್ಕೂ ಹೆಚ್ಚು.

ಮಳೆ ಬಂದ ಮೇಲೂ ಸಾವು ನಿಲ್ಲಲಿಲ್ಲ ಅನ್ನುವ ಮಾತನ್ನು ನಾನು ರೂಪಕದ ಕೊನೆಗೆ ಇಟ್ಟಿದ್ದೆ. ಕ್ಯಾಂಪುಗಳಲ್ಲಿ ಕಾಲರಾ, ಸಿಡುಬು ಮೊದಲೇ ಇತ್ತು. 1877ರಲ್ಲಿ ಮಳೆ ಹಿಡಿದಾಗ ನೀರು ನಿಂತಿತು, ಸೊಳ್ಳೆ ಎದ್ದಿತು, ಚಳಿಜ್ವರ ಹಬ್ಬಿತು. ಸೋತ ಮೈ ಅದನ್ನು ತಡೆಯಲಿಲ್ಲ. ಹಸಿರು ಬಂದ ಹೊಲದ ಪಕ್ಕದಲ್ಲೇ ಜನ ಸತ್ತರು. ನೀವು ಆ ಜಾಗದಲ್ಲಿ ಮಳೆಯ ಸದ್ದು ಹಾಕಿ, ನಾಡು ಮತ್ತೆ ನಕ್ಕಿತು ಅಂತ ಮುಗಿಸಿದಿರಿ. ಕೇಳುತ್ತಿದ್ದ ನಮ್ಮ ಜಗುಲಿಯಲ್ಲಿ ಎಲ್ಲರಿಗೂ ಸಮಾಧಾನ ಆಯಿತು. ನನಗೆ ಎದೆ ಉರಿಯಿತು.

ಕೊಡಗಿನವರಿಗೆ ಈ ಬರ ಯಾಕೆ, ನಮ್ಮಲ್ಲಿ ಮಳೆಗೇನು ಕೊರತೆ ಅಂತಲೂ ನಿಮ್ಮ ಕಡೆಯವರು ಕೇಳಿದರಂತೆ. ಆಗ ಮೈಸೂರಿಗೂ ಕೊಡಗಿಗೂ ಒಬ್ಬನೇ ಚೀಫ್ ಕಮಿಷನರ್. ಇಲ್ಲಿನ ಕಾಫಿ ತೋಟಗಳಿಗೆ ಆಳುಗಳು ಮೈಸೂರು ಸೀಮೆಯಿಂದಲೇ ಬರುತ್ತಿದ್ದರು. ನಮ್ಮ ಅಜ್ಜಿಯ ಕಡೆಯವರು ಪಿರಿಯಾಪಟ್ಟಣದ ಆಚೆಯ ಒಂದು ಹಳ್ಳಿಯಿಂದ ಹೊಟ್ಟೆಪಾಡಿಗೆ ಕಾವೇರಿ ದಾಟಿ ಬಂದವರು ಅಂತ ಮನೆಯಲ್ಲಿ ಮಾತಿದೆ. ಹೊರಟಾಗ ಏಳು ಜನ, ತೋಟದ ಲೈನ್ ಮನೆಗೆ ಬಂದು ಸೇರಿದ್ದು ಮೂವರು. ಉಳಿದವರ ಹೆಸರು ಯಾರಿಗೂ ನೆನಪಿಲ್ಲ. ಅಜ್ಜಿ ರಾಗಿ ಜರಡಿ ಹಿಡಿಯುವಾಗ ಕೆಳಗೆ ಬಿದ್ದ ಕಾಳನ್ನು ಒದ್ದೆ ಬೆರಳಿಗೆ ಅಂಟಿಸಿ ಎತ್ತುತ್ತಿದ್ದರು, ಬೈದರೂ ಬಿಡುತ್ತಿರಲಿಲ್ಲ. ಇಂಥ ಮನೆಗಳು ನಮ್ಮ ಗಡಿಯ ಊರುಗಳಲ್ಲಿ ಇನ್ನೂ ಇವೆ. ಅವರೂ ನಿಮ್ಮ ಕೇಳುಗರೇ.

ನನ್ನ ಕೋರಿಕೆ ದೊಡ್ಡದೇನೂ ಅಲ್ಲ. ಆ ರೂಪಕವನ್ನು ಪೂರ್ತಿ ಇಪ್ಪತ್ತೆಂಟು ನಿಮಿಷ ಇನ್ನೊಮ್ಮೆ ಪ್ರಸಾರ ಮಾಡಿ, ಮೊದಲು ಹಾಕಿದ ಸಮಯಕ್ಕೇ ಹಾಕಿ, ಮಧ್ಯರಾತ್ರಿಗೆ ತಳ್ಳಬೇಡಿ. ಸಮಯ ಸಾಲದು ಅಂದರೆ ಬೇರೆ ಎಲ್ಲಿ ಬೇಕಾದರೂ ಕತ್ತರಿಸಿ. ದೆಹಲಿ ದರ್ಬಾರು ಬೇಡ ಅಂದರೆ ಬೇಡ, ಸಾಲದ ಮಾತೂ ಬೇಡ. ಆದರೆ ಒಂದು ಪೌಂಡಿನ ಭಾಗ, ಹತ್ತು ಮೈಲಿಯ ಭಾಗ, ಕಾರ್ನಿಶ್ ಬರೆದ ಭಾಗ, ಮಳೆ ಬಂದ ಮೇಲಿನ ಜ್ವರ, ಇಷ್ಟು ಇರಲೇಬೇಕು. ನೀವು ಸೇರಿಸಿದ ಆ ನಾಲ್ಕು ವಾಕ್ಯಗಳನ್ನು ತೆಗೆಯಿರಿ. ನಾಲ್ಕೂ ತೆಗೆಯಲು ಆಗದಿದ್ದರೆ "ಆದರೂ" ಅನ್ನುವುದನ್ನಾದರೂ ತೆಗೆಯಿರಿ. ಅಳುವ ಸದ್ದು ಖಂಡಿತ ಬೇಡ. ಬರದಲ್ಲಿ ಕೊನೆಯ ಹಂತ ತಲುಪಿದವರಿಗೆ ಅಳುವಷ್ಟೂ ಶಕ್ತಿ ಇರುವುದಿಲ್ಲ. ಇನ್ನು ಮುಂದೆ ಯಾರದೇ ಬರಹ ಕತ್ತರಿಸುವಾಗ ಬರೆದವರಿಗೆ ಒಂದು ಫೋನ್ ಮಾಡಿ ಹೇಳಿ. ನಾನು ಆರು ನಿಮಿಷವನ್ನು ನಾಲ್ಕಕ್ಕೆ ಇಳಿಸಿ ಕೊಡುತ್ತಿದ್ದೆ, ಅದು ನನಗೆ ಕಷ್ಟದ ಕೆಲಸ ಆಗಿರಲಿಲ್ಲ.

ಧ್ವನಿಮುದ್ರಣದ ಆ ತುಣುಕುಗಳನ್ನು ಅಳಿಸಿಬಿಟ್ಟಿದ್ದರೆ ಅದನ್ನೂ ನೇರವಾಗಿ ತಿಳಿಸಿ. ಹುಡುಗಿಯರಿಗೆ ಪರೀಕ್ಷೆ ಮುಗಿದಿದೆ, ಮತ್ತೆ ಬರಲು ತಯಾರಿದ್ದಾರೆ. ತಗಡಿನ ಡಬ್ಬಿ ನಮ್ಮ ಮನೆಯಲ್ಲೇ ಇದೆ. ರಾಗಿಯನ್ನು ತೂಗಿ ಎರಡು ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ಒಂದರಲ್ಲಿ ಒಂದೂವರೆ ಪೌಂಡ್, ಇನ್ನೊಂದರಲ್ಲಿ ಒಂದು. ನೀವು ದಿನ ಹೇಳಿದರೆ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಆ ರೂಪಕ ಬರೆದ ನಿವೃತ್ತ ಶಿಕ್ಷಕಿ
ಕುಶಾಲನಗರದ ಹತ್ತಿರ, ಕೊಡಗು